ಹೂಕುಂಡ ಇಟ್ಟ ಬಾಗಿಲು

ನಾವು ನಾಲ್ಕು ಜನ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ, ಹನ್ನೊಂದನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೀವಿ. ಲಿಫ್ಟ್ ಪಕ್ಕದಲ್ಲಿ ಒಂದು ದಪ್ಪನೆಯ ಬಾಗಿಲು, ಅದರಾಚೆ ಮೆಟ್ಟಿಲು. ದಾಟಿದ ಮೇಲೆ ತಾನಾಗೇ ಮುಚ್ಚಿಕೊಳ್ಳಲಿ ಅಂತ ಅದಕ್ಕೆ ಡೋರ್ ಕ್ಲೋಸರ್ ಹಾಕಿದ್ದಾರೆ. ಆದರೆ ಗಾಳಿ ಆಡಲಿ ಅಂತ ಪ್ರತಿ ಮಹಡಿಯಲ್ಲೂ ಯಾರಾದರೂ ಅದಕ್ಕೊಂದು ಹೂಕುಂಡವನ್ನೋ ಇಟ್ಟಿಗೆಯನ್ನೋ ಒತ್ತುಕೊಟ್ಟು ಇಟ್ಟಿರ್ತಾರೆ.

ಒಂದು ತಣ್ಣನೆಯ ರಾತ್ರಿ ಊದುಬತ್ತಿ ಹಚ್ಚಿಕೊಂಡು ಹೋಗಿ ನೋಡಿದೆವು. ಎರಡನೇ ಮಹಡಿಯ ಬಾಗಿಲಲ್ಲಿ ಹಿಡಿದರೆ ಹೊಗೆ ಮೆಟ್ಟಿಲ ಕಡೆಗೆ ಎಳೆದುಕೊಂಡು ಹೋಯ್ತು. ನಮ್ಮ ಮಹಡಿಯಲ್ಲಿ ಉಲ್ಟಾ, ಮೆಟ್ಟಿಲ ಕಡೆಯಿಂದ ನಮ್ಮ ಲಾಬಿಗೆ ಬಂತು. ಒಳಗಿನ ಗಾಳಿ ಹೊರಗಿನದಕ್ಕಿಂತ ಬೆಚ್ಚಗಿದ್ದರೆ ಮೆಟ್ಟಿಲ ಬಾವಿ ಚಿಮಣಿ ಆಗಿಬಿಡುತ್ತೆ: ಕೆಳಗೆ ಸೆಳೆದು ಮೇಲೆ ಬಿಡುತ್ತೆ. ನಮ್ಮ ಸಿಲೆಬಸ್‌ನ ಸ್ಟ್ಯಾಕ್ ಎಫೆಕ್ಟೇ ಇದು. ಅಷ್ಟು ಸಣ್ಣ ಉಷ್ಣಾಂಶದ ವ್ಯತ್ಯಾಸಕ್ಕೇ ಹೀಗೆ. 300 ಡಿಗ್ರಿ ಸೆಲ್ಸಿಯಸ್‌ನ ಹೊಗೆಯ ಸಾಂದ್ರತೆ ಹೊರಗಾಳಿಯ ಅರ್ಧದಷ್ಟು ಮಾತ್ರ. ಎರಡನೇ ಮಹಡಿಯಲ್ಲಿ ಬೆಂಕಿ ಬಿದ್ದು ಅಲ್ಲಿನ ಕುಂಡವೂ ನಮ್ಮದೂ ಇದ್ದಲ್ಲೇ ಇದ್ದರೆ, ಉರಿ ನಮ್ಮ ಹತ್ತಿರ ಬರೋದೇ ಬೇಡ, ಹೊಗೆ ಸಾಕು.

ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಆದದ್ದು ಇದೇ ಥರ. ಬೆಂಕಿ ಹತ್ತಿದ್ದು ವಿದ್ಯುತ್ ಡಕ್ಟ್‌ನಲ್ಲಿ, ಹೊಗೆ ಮೇಲಿನ ಮಹಡಿಗಳನ್ನೆಲ್ಲ ತುಂಬಿತು. ಒಂಬತ್ತು ಜನ ಸತ್ತರು. ಉಸಿರಾಡಲಾಗದೆ ಕಿಟಕಿಯಿಂದ ಹಾರಿದವರೂ ಇದ್ದರು.

ಹಾಗಾಗಿ ನಮ್ಮ ಮನೆಯಲ್ಲಿ ಎರಡು ಲೆಕ್ಕ ಮಾಡಿಕೊಂಡಿದ್ದೀವಿ. ಬೆಂಕಿ ನಮ್ಮ ಮನೆಯಲ್ಲೇ ಆದರೆ ಎಲ್ಲರೂ ಹೊರಗೆ, ಮುಂಬಾಗಿಲು ಎಳೆದು ಮುಚ್ಚಬೇಕು (ಬೀಗ ಬೇಡ), ಲಾಬಿಯ ಕೆಂಪು ಅಲಾರಂ ಡಬ್ಬಿ ಒತ್ತಿ ಮೆಟ್ಟಿಲಲ್ಲಿ ಕೆಳಗೆ. ಲಿಫ್ಟ್ ಮುಟ್ಟೋ ಹಾಗಿಲ್ಲ. ನಡೆದು ನೋಡಿದಾಗ ಕೆಳಗಿಳಿಯೋಕೆ ಹಿಡಿದದ್ದು ಬರೀ ಮೂರೂವರೆ ನಿಮಿಷ. ಟೆರೇಸಿಗೆ ಓಡೋ ಯೋಚನೆ ಬೇಡವೇ ಬೇಡ: ಹೊಗೆಯೂ ಅತ್ತಲೇ ಹೋಗೋದು, ಮೇಲಾಗಿ ಅಲ್ಲಿ ಬೀಗ.

ಬೆಂಕಿ ಬೇರೆಲ್ಲೋ ಆಗಿದ್ದರೆ ಮೊದಲು ಮುಂಬಾಗಿಲನ್ನು ಹಿಂಗೈಯಿಂದ ಮುಟ್ಟಿ ನೋಡೋದು. ಬಿಸಿ ಇದ್ದರೆ, ಅಥವಾ ಸಂದಿಯಿಂದ ಹೊಗೆ ನುಸುಳುತ್ತಿದ್ದರೆ, ತೆಗೆಯೋದಿಲ್ಲ. ಒದ್ದೆ ಟವೆಲ್ ಸಂದಿಗೆ ತುರುಕಿ, ಬಾಲ್ಕನಿಗೆ ಹೋಗಿ, ಆ ಬಾಗಿಲನ್ನೂ ಹಿಂದೆ ಮುಚ್ಚಿ, 112ಕ್ಕೆ ಫೋನ್. ಅಗ್ನಿಶಾಮಕದ 101 ಕೂಡ ಇದೆ. ಗಾಬರಿಯಲ್ಲಿ ವಿಳಾಸವೇ ಬಾಯಿಗೆ ಬರಲ್ಲ ಅಂತ ಅಪಾರ್ಟ್‌ಮೆಂಟ್ ಹೆಸರು, ರಸ್ತೆ, ವಿಂಗ್, ಮಹಡಿ, ಮನೆ ನಂಬರ್, ದೊಡ್ಡ ಗಾಡಿ ನುಗ್ಗಬಹುದಾದ ಗೇಟ್ ಯಾವುದು ಅನ್ನೋದನ್ನ ಬಾಲ್ಕನಿ ಬಾಗಿಲ ಒಳಬದಿಗೆ ಅಂಟಿಸಿದ್ದೀವಿ. ಮುಖ್ಯ ಗೇಟಿನ ಕಮಾನು ತಗ್ಗು, ಗಾಡಿ ಹಿಂದಿನ ಗೇಟಿಂದಲೇ ಬರಬೇಕು. ಅದರ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತೆ ಅಂತ ಸೆಕ್ಯುರಿಟಿ ಅಂಕಲ್‌ನ ಕೇಳಿದರೆ, "ಮ್ಯಾನೇಜರ್ ಹತ್ರ ಕಣ್ರಪ್ಪ, ಅವ್ರು ಏಳಕ್ಕೇ ಮನೆಗೆ ಹೋಗ್ತಾರೆ" ಅಂದರು.

ಕುಂಡವನ್ನ ನಾವು ದಿನಾ ತೆಗೀತೀವಿ. ಸಂಜೆಗೆ ಮತ್ತೆ ಅಲ್ಲೇ ಇರುತ್ತೆ. ಬೀಗದ ಕೈಯ ನಕಲು ಕಾವಲು ಕೋಣೆಯಲ್ಲಿಡಿ ಅಂತ ಅಸೋಸಿಯೇಷನ್‌ಗೆ ಬರೆದಿದ್ದೀವಿ, ಭಾನುವಾರದ ಮೀಟಿಂಗಿನಲ್ಲಿ ನೋಡೋಣ ಅಂದಿದ್ದಾರೆ.