ಡಬ್ಬಿಯ ಹಿಂಬದಿ ಓದಿದ್ದೀರಾ?

"ಹಾಲಿಗಿಂತ ಆರು ಪಟ್ಟು ಹೆಚ್ಚು ಕ್ಯಾಲ್ಸಿಯಂ!" ಡಬ್ಬಿಯ ಮೇಲೆ ಹೀಗೆ ದಪ್ಪಕ್ಷರದಲ್ಲಿದ್ದರೆ ಯಾವ ತಾಯಿಗೆ ಕೊಳ್ಳೋಣ ಅನ್ನಿಸೋದಿಲ್ಲ, ಹೇಳಿ? ನನ್ನ ನಾದಿನಿಯೂ ಮಗನಿಗೆಂದು ಅಂಥದೊಂದು ಡಬ್ಬಿ ತಂದಿದ್ದಳು. ನಾನು ಅದರ ಹಿಂಬದಿಯ ಸಣ್ಣಕ್ಷರ ಓದಿ, ಅವಳೆದುರಿಗೇ ಲೆಕ್ಕ ಹಾಕಿದೆ.

100 ಗ್ರಾಂ ಪುಡಿಯಲ್ಲಿ 720 ಮಿಲಿಗ್ರಾಂ ಕ್ಯಾಲ್ಸಿಯಂ ಇತ್ತು. ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಆರು ಪಟ್ಟು ಸರಿಯೇ! ಆದರೆ ಮಗು ಒಂದು ಸಲಕ್ಕೆ 100 ಗ್ರಾಂ ಪುಡಿ ತಿನ್ನುತ್ತದೆಯೇ? ಒಂದು ಲೋಟಕ್ಕೆ 20 ಗ್ರಾಂ ಹಾಕಿ ಎಂದು ಅದೇ ಡಬ್ಬಿ ಹೇಳುತ್ತದೆ. ಅದರಿಂದ ಸಿಗುವುದು 144 ಮಿಲಿಗ್ರಾಂ. ಅದನ್ನು ಕಲಸುವ 200 ಮಿಲಿಲೀಟರ್ ಹಾಲಿನಲ್ಲೇ ಸುಮಾರು 240 ಇರುತ್ತದೆ. ಹೆಚ್ಚು ಕೊಟ್ಟದ್ದು ಹಾಲು, ಹೆಸರು ಮಾತ್ರ ಪುಡಿಗೆ!

ಅಂಕಿ ಸುಳ್ಳಲ್ಲವಲ್ಲ ಅಂತೀರಾ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಖ್ಯ ವಿಷಯವನ್ನು ಬೇಕೆಂದೇ ಮುಚ್ಚಿಟ್ಟರೂ ಅದು ದಾರಿ ತಪ್ಪಿಸುವ ಜಾಹೀರಾತೇ. ಷರತ್ತನ್ನು ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಹಾಕುವಂತಿಲ್ಲ. ಹೇಳಿಕೆ ಇರುವ ಭಾಷೆಯಲ್ಲೇ, ಅದೇ ಅಕ್ಷರದಲ್ಲಿ ಇರಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ತಪ್ಪು ಸಾಬೀತಾದರೆ ತಯಾರಕರಿಗೆ 10 ಲಕ್ಷ ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಇಂಥದ್ದು ಕಣ್ಣಿಗೆ ಬಿದ್ದರೆ ಜಾಹೀರಾತನ್ನೂ ಡಬ್ಬಿಯನ್ನೂ ಎತ್ತಿಟ್ಟುಕೊಂಡು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊಳ್ಳುವ ಮುಂಚೆ ಮಾತ್ರ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ "ಹೆಚ್ಚು" ಎಷ್ಟು ಚಮಚಕ್ಕೆ?