ಹತ್ತು ಪುಟದ ಪೇಪರ್, ಹತ್ತು ನಿಮಿಷದ ಮಾತು

ಸೆಮಿನಾರ್ ಸರಣಿ, ಭಾಗ 4

ಪೇಪರ್ ಓದೋದು ಹೇಗೆ ಅಂತ ಹಿಂದಿನ ಭಾಗದಲ್ಲಿ ನೋಡಿದ್ವಿ. ಈಗ ಅದನ್ನ ವೇದಿಕೆ ಮೇಲೆ ಹೇಳೋದು ಹೇಗೆ ಅಂತ ನೋಡೋಣ. ಉದಾಹರಣೆಗೆ ಒಂದು ಹಳೇ ಪೇಪರ್ ತಗೊಳ್ತೀನಿ: ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದದ್ದು. ವಿಷಯ, ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್. ಹತ್ತು ಪುಟ, ತುಂಬಾ ಟೇಬಲ್‌ಗಳು.

ನಮ್ಮಲ್ಲಿ ಹೆಚ್ಚಿನವರು ಪೇಪರ್ ಇದ್ದ ಕ್ರಮದಲ್ಲೇ ಸ್ಲೈಡ್ ಮಾಡ್ತಾರೆ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಏಳನೇ ನಿಮಿಷಕ್ಕೂ ವಿಧಾನದಲ್ಲೇ ಇರ್ತಾರೆ, ಅಷ್ಟರಲ್ಲಿ ಬೆಲ್ ಹೊಡೆಯತ್ತೆ. ಓದುವವನು ಹಿಂದಿನ ಪುಟಕ್ಕೆ ಹೋಗಿ ನೋಡಬಹುದು, ಕೇಳುವವನಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಸ್ಲೈಡ್ ತೆರೆಯೋ ಮೊದಲು ಒಂದು ಪ್ರಶ್ನೆ ಹುಡುಕಿ: ಈ ಪೇಪರನ್ನ ನಂಬದವನು ಏನಂತ ವಾದ ಮಾಡ್ತಾನೆ? ಲೇಖಕರು ಅವನಿಗೆ ಎಲ್ಲಿ ಉತ್ತರ ಕೊಟ್ಟಿದ್ದಾರೆ? ಕತೆ ಇರೋದು ಅಲ್ಲಿ.

ಮೊದಲು ಅಧ್ಯಯನ ಏನಂತ ಹೇಳಿಬಿಡ್ತೀನಿ. ಲಂಡನ್‌ನ 20 ಆಸ್ಪತ್ರೆಗಳಿಂದ ಶ್ವಾಸಕೋಶದ ಕ್ಯಾನ್ಸರ್ ಇರೋ 709 ಜನ. ಅವರಲ್ಲಿ ಪ್ರತಿಯೊಬ್ಬರಿಗೂ ಜೋಡಿಯಾಗಿ, ಅದೇ ಲಿಂಗದ, ಅದೇ ವಯಸ್ಸಿನ ಗುಂಪಿನ, ಬೇರೆ ಕಾಯಿಲೆಯ ಒಬ್ಬ ರೋಗಿ. ಇಬ್ಬರಿಗೂ ಸಿಗರೇಟಿನ ಬಗ್ಗೆ ಒಂದೇ ಪ್ರಶ್ನೆಪಟ್ಟಿ.

ನಂಬದವನ ವಾದ ಹೀಗಿರತ್ತೆ: "ಪ್ರಶ್ನೆ ಕೇಳಿದವರಿಗೆ ಯಾರಿಗೆ ಕ್ಯಾನ್ಸರ್ ಅಂತ ಗೊತ್ತಿತ್ತಲ್ಲ? ಕೆದಕಿ ಕೆದಕಿ ಕೇಳಿರ್ತಾರೆ. ರೋಗಿಗಳೂ ಹೆಚ್ಚಿಗೆ ಹೇಳಿರ್ತಾರೆ." ಸರಿಯಾದ ಅನುಮಾನವೇ. ಇದಕ್ಕೆ ಉತ್ತರ ಪೇಪರಿನ ನಡುವೆ ಸದ್ದಿಲ್ಲದೆ ಕೂತಿದೆ. ಕೆಲವರಿಗೆ ಕ್ಯಾನ್ಸರ್ ಇದೆ ಅಂದ್ಕೊಂಡೇ ಸಂದರ್ಶನ ಮಾಡಿದ್ರು, ಆಮೇಲೆ ನೋಡಿದ್ರೆ ಇರಲಿಲ್ಲ. ಪಕ್ಷಪಾತ ಇದ್ದಿದ್ರೆ ಅವರ ಉತ್ತರಗಳು ಕ್ಯಾನ್ಸರ್ ರೋಗಿಗಳ ಉತ್ತರದ ಹಾಗೆ ಇರಬೇಕಿತ್ತು. ಇರಲಿಲ್ಲ. ಕ್ಯಾನ್ಸರ್ ಇಲ್ಲದವರ ಉತ್ತರದ ಹಾಗೇ ಇತ್ತು. ನನ್ನ ಪ್ರಕಾರ ಇಡೀ ಮಾತು ಈ ಟೇಬಲ್ ಕಡೆಗೇ ನಡೀಬೇಕು.

ಹತ್ತು ನಿಮಿಷ ಅಂದ್ರೆ ಸಾಮಾನ್ಯವಾಗಿ ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ. ನಾನು ನಾಲ್ಕೇ ಸ್ಲೈಡ್ ಮಾಡ್ತೀನಿ.

ಮೊದಲನೆಯದರಲ್ಲಿ ಎರಡೇ ಸಂಖ್ಯೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಕ್ಯಾನ್ಸರಿನಿಂದ ದಾಖಲಾದ ಸಾವು 1922ರಲ್ಲಿ 612, 1947ರಲ್ಲಿ 9,287. ಯಾಕೆ ಹೀಗಾಯ್ತು? ಡಾಲ್‌ಗೆ ಮೊದಲು ಅನುಮಾನ ಇದ್ದದ್ದು ರಸ್ತೆಯ ಡಾಂಬರು ಮತ್ತು ಕಾರಿನ ಹೊಗೆ ಮೇಲೆ. ಇದನ್ನ ಹೇಳಿದ್ರೆ ಸಭೆ ನಿಮ್ಮ ಜೊತೆ ಹುಡುಕೋಕೆ ಬರತ್ತೆ. ಎರಡನೆಯದು 709 ಜೋಡಿಗಳ ಒಂದು ಸಣ್ಣ ಚಿತ್ರ. ಒಂದೂವರೆ ಒಂದೂವರೆ ನಿಮಿಷ, ಮುಂದಕ್ಕೆ ಹೋಗಿ.

ಮೂರನೇ ಸ್ಲೈಡ್‌ನಲ್ಲಿ ಎಚ್ಚರ ಬೇಕು. ಸೇದುವವರ ಶೇಕಡಾವಾರು ಹಾಕಿದ್ರೆ ಗಂಡಸರಲ್ಲಿ 99.7 ಮತ್ತು 95.8. ಸಭೆಯಲ್ಲಿ ಯಾರಾದ್ರೂ "ಎರಡೂ ಒಂದೇ ಅಲ್ವಾ?" ಅಂತಾರೆ. ಆ ಕಾಲದ ಇಂಗ್ಲೆಂಡಿನಲ್ಲಿ ಬಹುತೇಕ ಗಂಡಸರೆಲ್ಲ ಸೇದ್ತಿದ್ರು. ಅದಕ್ಕೇ ತಿರುಗಿಸಿ, ಸೇದದವರನ್ನ ತೋರಿಸಿ: ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ 2, ಇಲ್ಲದ 649ರಲ್ಲಿ 27. ಅದೇ ಮಾಹಿತಿ, ಈಗ ಕಣ್ಣಿಗೆ ಬೀಳತ್ತೆ. ಆಮೇಲೆ ಬಾಯಲ್ಲೇ ಒಂದು ವಾಕ್ಯ ಸೇರಿಸಿ: ದಿನಕ್ಕೆ 25 ಅಥವಾ ಹೆಚ್ಚು ಸೇದುವವರು ಕ್ಯಾನ್ಸರ್ ಗುಂಪಿನಲ್ಲಿ ಸುಮಾರು ದುಪ್ಪಟ್ಟು. ಇದಕ್ಕೆ ಎರಡು ನಿಮಿಷ.

ಇಲ್ಲಿ ನಿಂತು, ನಂಬದವನ ವಾದವನ್ನ ನೀವೇ ಎತ್ತಿ. ಸ್ಲೈಡ್ ಬದಲಿಸಬೇಡಿ, ಸಭೆಗೆ ಅನುಮಾನ ಹುಟ್ಟಲಿ. ಆಮೇಲೆ ನಾಲ್ಕನೆಯದು: ಮೂರು ಕಂಬಗಳ ಗ್ರಾಫ್. ಕ್ಯಾನ್ಸರ್, ಕ್ಯಾನ್ಸರ್ ಅಂದ್ಕೊಂಡಿದ್ದವರು, ಇಲ್ಲದವರು. ಉಳಿದ ಮೂರು ನಿಮಿಷ ಪೂರ್ತಿ ಇದಕ್ಕೇ ಕೊಡಿ.

ಪೇಪರಿನ ಟೇಬಲನ್ನ ಫೋಟೋ ಹೊಡೆದು ಹಾಕಬೇಡಿ. "ಹಿಂದೆ ಕೂತವರಿಗೆ ಕಾಣಿಸದೇ ಇರಬಹುದು" ಅಂತ ನಿಮ್ಮ ಬಾಯಲ್ಲಿ ಬಂತಾ, ಆ ಸ್ಲೈಡ್ ತೆಗೀರಿ. ಫೋನ್ ಟೈಮರ್ ಇಟ್ಟು ಜೋರಾಗಿ ಹೇಳಿ ನೋಡಿ. ಮನಸ್ಸಲ್ಲಿ ಓದಿದ್ರೆ ಸಮಯ ಯಾವಾಗ್ಲೂ ಕಡಿಮೆ ಅನ್ಸತ್ತೆ. ಮೂರನೇ ಸ್ಲೈಡ್ ಮುಗಿಯುವಾಗ ಟೈಮರ್ ಐದು ನಿಮಿಷ ದಾಟಿದ್ರೆ, ಎರಡನೆಯದರಲ್ಲಿ ಕತ್ತರಿಸಿ. ನಾಲ್ಕನೆಯದನ್ನ ಮುಟ್ಟಬೇಡಿ.

ಬಿಟ್ಟದ್ದರಲ್ಲಿ ಒಂದನ್ನ ಮಾತ್ರ ಕೊನೇ ಸ್ಲೈಡ್‌ನ ಹಿಂದೆ ಬಚ್ಚಿಟ್ಟಿರಿ. ಹೊಗೆಯನ್ನ ಎದೆಯೊಳಗೆ ಎಳ್ಕೊತೀರಾ ಅಂತ ಕೇಳಿದಾಗ, ಕ್ಯಾನ್ಸರ್ ಗುಂಪಿನಲ್ಲಿ ಹೌದು ಅಂದವರು ಸ್ವಲ್ಪ ಕಡಿಮೆಯೇ ಇದ್ರು. ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಆಮೇಲೆ ಇದನ್ನೇ ಹಿಡ್ಕೊಂಡು ವಾದ ಮಾಡಿದ್ರು. ಪೇಪರ್ ಓದಿಕೊಂಡು ಬಂದ ಮೇಷ್ಟ್ರು ಯಾರಾದ್ರೂ ಮುಂದಿನ ಸಾಲಲ್ಲಿ ಇದ್ರೆ ಕೇಳೋದು ಇದನ್ನೇ. ಆಗ ಆ ಸ್ಲೈಡ್ ತೆಗೆದು, "ಹೌದು ಸರ್, ಇದು ಪೇಪರಲ್ಲೇ ಇದೆ" ಅಂತ ಶುರು ಮಾಡಿ.