ಒಪ್ಪೋಲೆ ಮತ್ತು ಆಲೋಚನೆಯ ದೋಷಗಳು

ಹಳೆಯ ಕನ್ನಡ ಪುಸ್ತಕಗಳಲ್ಲಿ ಮೊದಲಿಗೋ ಕೊನೆಗೋ ಒಂದು ಹಾಳೆ ಇರುತ್ತಿತ್ತು. ಎಡಗಡೆ ‘ತಪ್ಪು’, ಬಲಗಡೆ ‘ಒಪ್ಪು’. ನಡುವೆ ಪುಟ ಮತ್ತು ಸಾಲುಗಳ ಸಂಖ್ಯೆ. ಸಂಸ್ಕೃತದ ಒಲವುಳ್ಳವರು ಅದನ್ನು ಶುದ್ಧಿಪತ್ರವೆಂದರು, ಕನ್ನಡದ ಒಲವುಳ್ಳವರು ಒಪ್ಪೋಲೆಯೆಂದರು. ನನಗೆ ಎರಡನೆಯದೇ ಹೆಚ್ಚು ಹಿತ. ‘ಒಪ್ಪು’ ಎಂಬುದಕ್ಕೆ ಸರಿ ಎಂಬ ಅರ್ಥವೂ ಇದೆ, ಒಪ್ಪಿಕೊಳ್ಳುವುದೆಂಬ ಅರ್ಥವೂ ಇದೆ. ಅಕ್ಷರಸ್ಖಾಲಿತ್ಯಕ್ಕೆ ಮೊದಲನೆಯ ಅರ್ಥವೇ ಸಾಕು. ತಪ್ಪು ಕಾಲನಿರ್ಣಯದಲ್ಲೋ ಕರ್ತೃವಿಚಾರದಲ್ಲೋ ಆಗಿ, ಅದರ ಮೇಲೊಂದು ವಾದವೇ ನಿಂತುಬಿಟ್ಟಿದ್ದರೆ ಎರಡನೆಯ ಅರ್ಥವೂ ಬೇಕಾಗುತ್ತದೆ. ಅಂಥ ಓಲೆಯನ್ನು ಚಿಕ್ಕದಾಗಿ, ನೇರವಾಗಿ ಬರೆಯುವುದು ಎಷ್ಟು ಕಷ್ಟವೆಂಬುದು ಬರೆಯಲು ಕುಳಿತವರಿಗಷ್ಟೇ ಗೊತ್ತು.

ಈ ಕಷ್ಟದ ಸೂಕ್ಷ್ಮಗಳನ್ನು ಜೈನ ಆಚಾರಗ್ರಂಥಗಳು ಬಹಳ ಹಿಂದೆಯೇ ಗುರುತಿಸಿವೆ. ಇಂದಿನ ಕನ್ನಡದಲ್ಲಿ ‘ಆಲೋಚನೆ’ ಎಂದರೆ ಯೋಚನೆ. ಆಚಾರಶಾಸ್ತ್ರದಲ್ಲಿ ಅದು ತನ್ನಿಂದಾದ ದೋಷವನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವ ಕ್ರಿಯೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿ ಆಲೋಚನೆಗೆ ಮೊದಲ ಸ್ಥಾನ ಕೊಡುತ್ತದೆ. ಪ್ರತಿಕ್ರಮಣ ಅದರ ನಂತರದ್ದು. ಶಿವಾರ್ಯನ ಭಗವತೀ ಆರಾಧನೆಯಂತೂ ಆಲೋಚನೆ ಕೆಡುವ ಹತ್ತು ದಾರಿಗಳನ್ನು ಒಂದೊಂದಾಗಿ ವಿವರಿಸುತ್ತದೆ. ವಡ್ಡಾರಾಧನೆಯನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳಿಗೆ ಆ ಕಥೆಗಳ ಹಿಂದೆ ಈ ಪ್ರಾಕೃತ ಗ್ರಂಥದ ಗಾಹೆಗಳಿವೆ ಎಂಬುದು ತಿಳಿದಿರುತ್ತದೆ. ಅದೇ ಗ್ರಂಥದ ಈ ಭಾಗವನ್ನು ತಿರುವಿ ನೋಡುವವರು ಕಡಮೆ.

ಆ ಹತ್ತರಲ್ಲಿ ಕೆಲವನ್ನು ಒಂದು ಪ್ರಸಂಗದ ಮೂಲಕವೇ ಹೇಳುತ್ತೇನೆ. ಶಿವಮೊಗ್ಗದ ರಾಗಿಗುಡ್ಡದಲ್ಲಿ ಮನೆಯಿರುವ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಗಂಗರ ಮೂಲವನ್ನು ಕುರಿತು ಬರೆದ ಲೇಖನ ಒಂದು ಸಂಪುಟದಲ್ಲಿ ಅಚ್ಚಾಯಿತು. ಶಿವಮೊಗ್ಗ ತಾಲ್ಲೂಕಿನ ಕಲ್ಲೂರುಗುಡ್ಡದ ಶಾಸನ ಅದರ ಮುಖ್ಯ ಆಧಾರ. ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿವಮೊಗ್ಗ ತಾಲ್ಲೂಕಿನ 4ನೆಯ ಸಂಖ್ಯೆಯಾಗಿ ಬಿ. ಎಲ್. ರೈಸ್ ಪ್ರಕಟಿಸಿದ ಈ ದೀರ್ಘ ಶಾಸನ ನಮ್ಮ ನಾಡಿನ ಜೈನ ಇತಿಹಾಸದಲ್ಲಿ ಪ್ರಸಿದ್ಧವಾದುದು. ದಡಿಗ ಮತ್ತು ಮಾಧವ ಎಂಬ ರಾಜಕುಮಾರರು ಪೇರೂರಿನಲ್ಲಿ ಸಿಂಹನಂದಿ ಆಚಾರ್ಯರನ್ನು ಕಂಡುದು, ಮಾಧವನು ಕತ್ತಿಯಿಂದ ಕಲ್ಲಿನ ಕಂಬವನ್ನು ಕಡಿದುದು, ಜಿನಶಾಸನಕ್ಕೆ ತಪ್ಪಿ ನಡೆದರೆ ಕುಲ ಅಳಿಯುವುದೆಂದು ಆಚಾರ್ಯರು ಎಚ್ಚರಿಸಿದುದು, ನಂದಗಿರಿ ಕೋಟೆಯಾಗಿ ಕುವಳಾಲ ರಾಜಧಾನಿಯಾಗಿ ತೊಂಬತ್ತಾರು ಸಾಸಿರ ನಾಡು ಅವರಿಗೆ ದಕ್ಕಿದುದು, ಎಲ್ಲವೂ ಅಲ್ಲಿವೆ.

ಆಕೆ ಇದನ್ನು ಗಂಗರಾಜ್ಯ ಸ್ಥಾಪನೆಯ ಸಮಕಾಲೀನ ದಾಖಲೆಯೆಂದು ಬರೆದಿದ್ದರು. ಶಾಸನದ ಕಾಲವಾದರೋ 12ನೆಯ ಶತಮಾನದ ಮೊದಲ ಭಾಗ. ಗಂಗರ ಆರಂಭವನ್ನು ಸಾಮಾನ್ಯವಾಗಿ 4ನೆಯ ಶತಮಾನದ ನಡುವೆ ಇರಿಸುತ್ತಾರೆ. ನಡುವೆ ಸುಮಾರು ಏಳೂವರೆ ಶತಮಾನಗಳ ಅಂತರ. ತಪ್ಪು ಹುಟ್ಟಿದ ಬಗೆ ಸರಳ. ಒಂದು ಪುಸ್ತಕದಲ್ಲಿ 4ನೆಯ ಶತಮಾನದ ಪ್ರಸ್ತಾಪದ ಬೆನ್ನಿಗೇ ಈ ಕಥೆ ಬಂದು, ಕೆಳಗೆ ಶಾಸನಸಂಖ್ಯೆ ಮಾತ್ರ ಇತ್ತು, ಕಾಲ ಇರಲಿಲ್ಲ. ಆಕೆ ಮೂಲ ಸಂಪುಟವನ್ನು ತೆರೆಯದೆ ಅದನ್ನೇ ಎತ್ತಿಕೊಂಡಿದ್ದರು. ಓದುಗರೊಬ್ಬರು ಪತ್ರ ಬರೆದು ತೋರಿಸಿದರು. ಸಂಪಾದಕರು ಮುಂದಿನ ಸಂಪುಟದಲ್ಲಿ ತಿದ್ದುಪಡಿಗೆ ಜಾಗ ಕೊಡಲು ಒಪ್ಪಿದರು. ಆಕೆ ಬರೆದು ತಂದ ಕರಡು ಎರಡೂವರೆ ಪುಟವಿತ್ತು.

ಮೊದಲ ಪ್ಯಾರಾ ಸಂಪಾದಕರ ವಿದ್ವತ್ತಿನ ಮತ್ತು ಪತ್ರ ಬರೆದವರ ದೊಡ್ಡ ಮನಸ್ಸಿನ ವರ್ಣನೆ. ಇದಕ್ಕೆ ಶಾಸ್ತ್ರದಲ್ಲಿ ‘ಆಕಂಪಿತ’ ಎಂದು ಹೆಸರು: ಗುರುವಿಗೆ ಉಪಚಾರ ಮಾಡಿ ಅನುಕಂಪ ಹುಟ್ಟಿಸಿ, ಆಮೇಲೆ ದೋಷ ಹೇಳುವುದು. ಅದರ ಬೆನ್ನಿಗೆ ಆರೋಗ್ಯ ಕೆಟ್ಟಿತ್ತು, ಅವಧಿ ಮುಗಿಯುತ್ತಿತ್ತು ಎಂಬ ಮಾತುಗಳು. ನಾನು ದುರ್ಬಲ, ಸಣ್ಣ ಪ್ರಾಯಶ್ಚಿತ್ತವೇ ಸಿಕ್ಕೀತು ಎಂದು ಲೆಕ್ಕ ಹಾಕಿ ಹೇಳುವ ‘ಅನುಮಾನಿತ’ ಅದು. ಮುಂದೆ, “ಈ ಶಾಸನವನ್ನು ತಡವಾದುದೆಂದು ಪರಿಗಣಿಸುವ ವಿದ್ವಾಂಸರೂ ಇದ್ದಾರೆ, ಹಾಗೆ ಪರಿಗಣಿಸಿದಲ್ಲಿ ಲೇಖನದ ಒಂದು ಮಾತನ್ನು ಮರುಪರಿಶೀಲಿಸಬೇಕಾದೀತು” ಎಂಬ ವಾಕ್ಯ. ಇದು ‘ಛನ್ನ’. “ಯಾರಾದರೊಬ್ಬರು ಹೀಗೆ ಮಾಡಿದ್ದರೆ ಏನು ಪ್ರಾಯಶ್ಚಿತ್ತ?” ಎಂದು ಬೇರೆಯವರ ಹೆಸರಿನಲ್ಲಿ ಕೇಳಿ ತಿಳಿದುಕೊಳ್ಳುವ ಉಪಾಯ. ಶಾಸನದ ಕಾಲದ ಬಗ್ಗೆ ಇಲ್ಲಿ ಅಭಿಪ್ರಾಯಭೇದಕ್ಕೆ ಎಡೆಯೇ ಇಲ್ಲ. ಕಾಲವನ್ನು ಕಲ್ಲೇ ಹೇಳುತ್ತದೆ. ಆಮೇಲೆ ಒಂದಿಡೀ ಪುಟ ರಾಷ್ಟ್ರಕೂಟರ ಕಾಲದ ಗಂಗರ ವಿಚಾರ, ಎಲ್ಲವೂ ಸರಿಯಾದ ಮಾಹಿತಿಯೇ. ಪಕ್ಷದ, ಚಾತುರ್ಮಾಸದ, ಸಂವತ್ಸರದ ಸಾಮೂಹಿಕ ಪ್ರತಿಕ್ರಮಣದಲ್ಲಿ ಎಲ್ಲರ ದನಿಯೂ ಎದ್ದಿರುವಾಗ ತನ್ನ ದೋಷವನ್ನೂ ಹೇಳಿ, ಅದು ಗುರುವಿಗೆ ಕೇಳಿಸದಂತೆ ಮಾಡುವುದಕ್ಕೆ ‘ಶಬ್ದಾಕುಲಿತ’ ಎನ್ನುತ್ತಾರೆ. ವಿದ್ವಾಂಸರು ಬರೆದ ತಿದ್ದುಪಡಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ.

ಇವೆಲ್ಲ ಕಣ್ಣಿಗೆ ಬೀಳುವ ದೋಷಗಳು, ಗೀಟು ಹಾಕಿದರೆ ಮುಗಿಯಿತು. ಇನ್ನೆರಡು ಹಾಗಲ್ಲ. ಪತ್ರ ಬರೆದವರು ಲೇಖನದ ಎರಡನೆಯ ಪುಟದ ‘ಸಮಕಾಲೀನ’ ಎಂಬ ಪದವನ್ನು ಮಾತ್ರ ಗುರುತಿಸಿದ್ದರು. ಕರಡೂ ಆ ಪದವನ್ನು ಮಾತ್ರ ತಿದ್ದಿತ್ತು. ಆದರೆ ಲೇಖನದ ಮುಕ್ತಾಯದಲ್ಲಿ, ಸಿಂಹನಂದಿ ಆಚಾರ್ಯರು ರಾಜ್ಯಸ್ಥಾಪನೆಗೆ ನೆರವಾದುದು ಸಮಕಾಲೀನ ಶಾಸನದಿಂದ ಸಿದ್ಧವೆಂಬ ತೀರ್ಮಾನ ಇತ್ತು. ಅದು ನಿಂತಿದ್ದುದು ಇದೇ ತಪ್ಪಿನ ಮೇಲೆ. ಬೇರೆಯವರು ಕಂಡ ದೋಷವನ್ನಷ್ಟೇ ಹೇಳಿ ಕಾಣದುದನ್ನು ಬಿಡುವುದು ‘ದೃಷ್ಟ’. ಇಡಿಯದನ್ನು “ಕಾಲೋಲ್ಲೇಖದ ಒಂದು ಸಣ್ಣ ವ್ಯತ್ಯಾಸ” ಎಂದು ಕರೆದುದು ‘ಸೂಕ್ಷ್ಮ’: ಸಣ್ಣದನ್ನು ಹೇಳಿ ದೊಡ್ಡದನ್ನು ಉಳಿಸಿಕೊಳ್ಳುವುದು. ಇದು ಆಕೆಯ ಕಪಟವೆಂದು ನನಗೆ ಅನ್ನಿಸಲಿಲ್ಲ. ಎರಡನೆಯ ಪುಟದ ಪದಕ್ಕೂ ಕೊನೆಯ ಪುಟದ ತೀರ್ಮಾನಕ್ಕೂ ಇರುವ ನಂಟು ಬರೆದವರಿಗೇ ಮರೆತುಹೋಗಿರುತ್ತದೆ. ಅದನ್ನು ಹುಡುಕಲು ಇಡೀ ಲೇಖನವನ್ನು ಮತ್ತೆ ಓದಬೇಕು. ತಿದ್ದುಪಡಿ ಬರೆಯುವ ಕೆಲಸದ ಮುಕ್ಕಾಲು ಭಾಗ ಇದೇ.

“ಹಾಗಾದರೆ ಲೇಖನವೇ ಬಿದ್ದುಹೋಯಿತಲ್ಲ ಸರ್?” ಎಂದರು.

ಬಿದ್ದಿರಲಿಲ್ಲ. 12ನೆಯ ಶತಮಾನದಲ್ಲಿ ಈ ಸೀಮೆಯ ಗಂಗ ಮನೆತನದವರು ತಮ್ಮ ಮೂಲವನ್ನು ಹೇಗೆ ನೆನೆದುಕೊಂಡರು ಎಂಬ ಭಾಗ ಗಟ್ಟಿಯಾಗಿಯೇ ಇತ್ತು. ಅದಕ್ಕೆ ಕಲ್ಲೂರುಗುಡ್ಡವೇ ಸರಿಯಾದ ಸಾಕ್ಷಿ. 10ನೆಯ ಶತಮಾನದ ಉದಯೇಂದಿರಂ ತಾಮ್ರಪಟದಲ್ಲಿಯೂ ಸಿಂಹನಂದಿಯ ಹೆಸರು ಬರುವುದರಿಂದ, ಕಥೆ 12ನೆಯ ಶತಮಾನದವರ ಹೊಸ ಸೃಷ್ಟಿಯೆಂದು ತಳ್ಳಿಹಾಕುವಂತೆಯೂ ಇಲ್ಲ. ತಪ್ಪನ್ನು ಇದ್ದುದಕ್ಕಿಂತ ಹಿಗ್ಗಿಸಿ “ನನ್ನ ಲೇಖನವನ್ನು ಯಾರೂ ಗಮನಿಸಬೇಡಿ” ಎಂದು ಬರೆಯುವುದು ವಿನಯದಂತೆ ಕಂಡರೂ ಓದುಗನಿಗೆ ಉಪಯೋಗವಿಲ್ಲದ್ದು. ಪ್ರಾಯಶ್ಚಿತ್ತದ ಒಂಬತ್ತು ಬಗೆಗಳಲ್ಲಿ ನಾಲ್ಕನೆಯದು ‘ವಿವೇಕ’. ಬೆರೆತುಹೋದುದರಲ್ಲಿ ತ್ಯಾಜ್ಯವನ್ನು ಬೇರ್ಪಡಿಸಿ ಬಿಡುವುದೆಂದು ಅದರ ಅರ್ಥ. ಇಲ್ಲಿ ಬೇಕಾದುದು ಅದು.

ಒಂದು ಪರೀಕ್ಷೆಯನ್ನು ಮಾಡಿಸಿದೆ. ಲೇಖನವನ್ನೂ ಕರಡನ್ನೂ ಒಂದು ಪೆನ್ಸಿಲನ್ನೂ ಸಹಪಾಠಿಯೊಬ್ಬರ ಕೈಗೆ ಕೊಟ್ಟು, ಕರಡನ್ನು ಓದಿ ಲೇಖನದಲ್ಲಿ ಹೊಡೆದುಹಾಕಬೇಕಾದ ಸಾಲುಗಳನ್ನು ಹೊಡೆದುಹಾಕಲು ಹೇಳುವುದು. ಎರಡೂವರೆ ಪುಟ ಓದಿದ ಮೇಲೆ ಅವರಿಗೆ ಪೆನ್ಸಿಲು ಎಲ್ಲಿ ಊರಬೇಕೆಂದು ಗೊತ್ತಾಗಲಿಲ್ಲ. ಮೂರನೆಯ ಕರಡಿಗೆ ಎರಡು ಕಡೆಯೂ ಸರಿಯಾಗಿ ಗೀಟು ಬಿತ್ತು. ಆ ಕರಡು ಹೀಗಿತ್ತು:

“ಗಂಗರ ಮೂಲವನ್ನು ಕುರಿತ ನನ್ನ ಲೇಖನದಲ್ಲಿ ಕಲ್ಲೂರುಗುಡ್ಡದ ಶಾಸನವನ್ನು ಗಂಗರಾಜ್ಯ ಸ್ಥಾಪನೆಯ ಸಮಕಾಲೀನ ದಾಖಲೆಯೆಂದು ಬರೆದಿದ್ದೇನೆ. ಇದು ತಪ್ಪು. ಶಾಸನ 12ನೆಯ ಶತಮಾನದ್ದು. ಮೂಲ ಸಂಪುಟವನ್ನು ನಾನು ನೋಡಿರಲಿಲ್ಲ. ಆದುದರಿಂದ ಸಿಂಹನಂದಿ ಆಚಾರ್ಯರ ಪಾತ್ರಕ್ಕೆ ಸಮಕಾಲೀನ ಆಧಾರವಿದೆಯೆಂಬ ನನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿದ್ದೇನೆ. 12ನೆಯ ಶತಮಾನದ ಗಂಗರ ಆತ್ಮಕಥನವನ್ನು ಕುರಿತ ಭಾಗಕ್ಕೆ ಇದರಿಂದ ಬಾಧೆಯಿಲ್ಲ. ದೋಷವನ್ನು ತೋರಿಸಿದ ಓದುಗರಿಗೆ ಕೃತಜ್ಞಳು.”

“ಇದು ತಪ್ಪು” ಎಂಬ ಎರಡು ಪದಗಳಿಗಾಗಿ ನಾವು ತುಂಬ ಹೊತ್ತು ಚರ್ಚಿಸಿದೆವು. “ತಪ್ಪಾಗಿದೆ” ಎಂದರೆ ಮೃದುವಾಗುತ್ತದಲ್ಲ ಎಂದು ಆಕೆ ಕೇಳಿದರು. ಕನ್ನಡದ ಈ ‘ಆಗು’ ಧಾತು ಕರ್ತೃವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ. ತಪ್ಪು ಮಳೆಯಂತೆ ತಾನಾಗಿ ಸುರಿದಂತೆ ಕೇಳಿಸುತ್ತದೆ. “ಬರೆದಿದ್ದೇನೆ” ಎಂಬ ಉತ್ತಮಪುರುಷದ ಕ್ರಿಯಾಪದ ಹಿಂದಿನ ವಾಕ್ಯದಲ್ಲಿ ಇದ್ದುದರಿಂದ “ಇದು ತಪ್ಪು” ಎಂಬಲ್ಲಿ ಮತ್ತೆ ‘ನಾನು’ ಬೇಕಾಗಲಿಲ್ಲ. “ಮೂಲ ಸಂಪುಟವನ್ನು ನಾನು ನೋಡಿರಲಿಲ್ಲ” ಎಂಬುದನ್ನು ಆಕೆಯೇ ಸೇರಿಸಿದರು. ಅದು ನೆವವಲ್ಲ, ಅದೇ ಪುಸ್ತಕವನ್ನು ನಂಬಿ ಬರೆಯಬಹುದಾದ ಇನ್ನೊಬ್ಬರಿಗೆ ಎಚ್ಚರಿಕೆ.

ಗಂಗರ ಇತಿಹಾಸದಲ್ಲಿಯೇ ಇದಕ್ಕೆ ಹಳೆಯದೊಂದು ಸಮಾಂತರವಿದೆ. ಗಂಗರ ಆರಂಭಕಾಲದ ತಾಮ್ರಪಟಗಳು ಕೂಟಗಳೆಂದು ಜೆ. ಎಫ್. ಫ್ಲೀಟ್ ದಶಕಗಳ ಕಾಲ ವಾದಿಸಿದರು. ರೈಸ್ ಅವುಗಳ ಪರವಾಗಿ ನಿಂತರು. ಪೆನುಕೊಂಡೆಯ ತಾಮ್ರಪಟ ಬೆಳಕಿಗೆ ಬಂದಾಗ ಫ್ಲೀಟರು 1915ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದು ಅದನ್ನು ನೈಜವೆಂದು ಸ್ವೀಕರಿಸಿದರು, ಸುಮಾರು 475ರ ಕಾಲಕ್ಕೆ ಇರಿಸಿದರು. ಜೈನ ಗ್ರಂಥವಾದ ಲೋಕವಿಭಾಗದಲ್ಲಿ ಬರುವ ಶಕ 380ರ ಉಲ್ಲೇಖವೂ ಆ ಲೇಖನದ ವಿಷಯ. ಅಷ್ಟು ಕಾಲ ಬೇರೆ ಗಂಗ ಪಟಗಳನ್ನು ಅಲ್ಲಗಳೆಯುತ್ತ ಬಂದ ಲೇಖನಿಯಿಂದ ಈ ಸ್ವೀಕಾರ ಬಂತು. ಒಂದು ಪಟ ನೈಜವಾದ ಮಾತ್ರಕ್ಕೆ ಉಳಿದೆಲ್ಲ ಪಟಗಳೂ ನೈಜವಾಗುವುದಿಲ್ಲ. ಒಂದೊಂದನ್ನೂ ಲಿಪಿ, ಭಾಷೆ, ತಿಥಿಗಳಿಂದ ಬೇರೆಬೇರೆಯಾಗಿಯೇ ತೂಗಬೇಕು. ರೈಸರ ಪಕ್ಷ ಪೂರ್ತಿ ಗೆದ್ದಿತೆಂದೋ ಫ್ಲೀಟರ ಸಂಶಯವೆಲ್ಲ ವ್ಯರ್ಥವೆಂದೋ ಹೇಳುವವರು ಈ ಮಿತಿಯನ್ನು ಗಮನಿಸುವುದಿಲ್ಲ.

ಅಚ್ಚಾದ ತಪ್ಪಿಗೆ ಇನ್ನೊಂದು ತೊಡಕಿದೆ. ಲೇಖನ ಒಂದು ಸಂಪುಟದಲ್ಲಿ, ತಿದ್ದುಪಡಿ ಮತ್ತೊಂದರಲ್ಲಿ. ಮೊದಲನೆಯದನ್ನು ಗ್ರಂಥಾಲಯದಲ್ಲಿ ತೆಗೆದವರು ಎರಡನೆಯದನ್ನು ತೆಗೆಯುವರೆಂಬ ಭರವಸೆಯಿಲ್ಲ. ಹಾಗಾಗಿ ಆಕೆ ಆ ಏಳು ವಾಕ್ಯಗಳನ್ನು ಚೀಟಿಯಾಗಿ ಅಚ್ಚುಮಾಡಿಸಿ, ತಮ್ಮ ವಿಭಾಗದ ಗ್ರಂಥಾಲಯದ ಪ್ರತಿಯಲ್ಲಿ ಲೇಖನದ ಮೊದಲ ಪುಟಕ್ಕೆ ಅಂಟಿಸಲು ಗ್ರಂಥಪಾಲಕರ ಅನುಮತಿ ಪಡೆದರು. ತಮ್ಮ ಲೇಖನವನ್ನು ಆಗಲೇ ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿದ್ದ ಇಬ್ಬರು ಸಂಶೋಧಕರಿಗೂ ಒಂದೊಂದು ಚೀಟಿ ಕಳುಹಿಸಿದರು. ಅವರಲ್ಲಿ ಒಬ್ಬರ ಮಹಾಪ್ರಬಂಧ ಇನ್ನೂ ಸಲ್ಲಿಕೆಯಾಗಿರಲಿಲ್ಲ. ಆ ಅಡಿಟಿಪ್ಪಣಿ ಈಗ ಅದರಲ್ಲಿ ಇಲ್ಲ.